ಫೋಟೊದಲ್ಲಿ ಕಂಡ ಕುರ್ಚಿಯ ಜಾಡು ಹಿಡಿಯುವುದು ಹೇಗೆ?

ಮನೆ ಅಲಂಕಾರದ ಫೋಟೊಗಳನ್ನು ನೋಡುವ ಅಭ್ಯಾಸ ಇರುವವರಿಗೆ ಒಂದು ಕುರ್ಚಿಯ ಪರಿಚಯ ಆಗಿಯೇ ಇರುತ್ತದೆ. ಕಂದು ಬಣ್ಣದ ಮರ, ಆಸನಕ್ಕೂ ಬೆನ್ನಿಗೂ ಬೆತ್ತದ ಹೆಣಿಗೆ, ಪಕ್ಕದಿಂದ ನೋಡಿದರೆ ತಲೆಕೆಳಗಾದ ‘ವಿ’ಯಂತೆ ಕಾಣುವ ಕಾಲುಗಳು. ಹೊಸ ಕಾಫಿ ಅಂಗಡಿಗಳಲ್ಲಿ, ಹೋಂ ಸ್ಟೇಗಳ ಜಗಲಿಯಲ್ಲಿ, ಊಟದ ಮೇಜಿನ ಸುತ್ತ ಈಗ ಇದೇ ಕುರ್ಚಿ. ಫೋಟೊ ತೋರಿಸಿ ಅಂಗಡಿಯಲ್ಲಿ ಕೇಳಿದರೆ ಒಬ್ಬರು ನಾಲ್ಕು ಸಾವಿರ ಎನ್ನುತ್ತಾರೆ, ಇನ್ನೊಬ್ಬರು ನಲವತ್ತು ಸಾವಿರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಮಾರುತ್ತಿರುವುದು ಬೇರೆ ಬೇರೆ ವಸ್ತು, ಅಷ್ಟೆ. ಫೋಟೊದಲ್ಲಿರುವುದು ಯಾವುದು, ನಮಗೆ ಬೇಕಾದ್ದು ಅದರಲ್ಲಿ ಎಷ್ಟು ಎಂಬುದನ್ನು ಬಿಡಿಸಿಕೊಂಡರೆ ಬೆಲೆಯ ಗೊಂದಲ ತಾನಾಗಿ ಕರಗುತ್ತದೆ. ಸೋಫಾ, ಮಂಚ, ಕಪಾಟು ಯಾವುದಕ್ಕಾದರೂ ದಾರಿ ಇದೇ. ಇಲ್ಲಿ ಈ ಒಂದೇ ಕುರ್ಚಿಯನ್ನು ಹಿಡಿದು ಕೊನೆಯವರೆಗೆ ಹೋಗೋಣ.

ಮೊದಲು ಫೋಟೊವನ್ನು ಸರಿಮಾಡಿಕೊಳ್ಳಿ

ಸಾಮಾನ್ಯವಾಗಿ ನಮ್ಮ ಕೈಗೆ ಸಿಗುವುದು ಯಾರೋ ಕಳುಹಿಸಿದ ಸ್ಕ್ರೀನ್‌ಶಾಟ್. ಅದರಲ್ಲಿ ಕುರ್ಚಿ ಮೂಲೆಯಲ್ಲಿರುತ್ತದೆ, ಮೇಲೆ ದಿಂಬು, ಪಕ್ಕದಲ್ಲಿ ಗಿಡ, ಹಿಂದೆ ಕಿಟಕಿಯ ಬೆಳಕು. ಇದನ್ನು ಹಾಗೆಯೇ ಗೂಗಲ್ ಲೆನ್ಸ್‌ಗೆ ಕೊಟ್ಟರೆ ಗಿಡದ ಹೆಸರು ಬಂದರೂ ಆಶ್ಚರ್ಯವಿಲ್ಲ. ಒಂದೇ ಕುರ್ಚಿ ಉಳಿಯುವ ಹಾಗೆ, ಕಾಲಿನ ತುದಿಯಿಂದ ಬೆನ್ನಿನ ಮೇಲಂಚಿನವರೆಗೆ ಬಿಗಿಯಾಗಿ ಕತ್ತರಿಸಿ. ಅದೇ ಕೋಣೆಯ ಬೇರೆ ಫೋಟೊಗಳಿದ್ದರೆ ಹುಡುಕಿ, ಪಕ್ಕದಿಂದ ತೆಗೆದದ್ದನ್ನೇ ಆರಿಸಿ. ಕುರ್ಚಿಯ ಗುರುತು ಇರುವುದು ಪಕ್ಕದ ನೋಟದಲ್ಲಿ. ಎದುರಿನಿಂದ ನೋಡಿದರೆ ಬೆತ್ತದ ಕುರ್ಚಿಗಳೆಲ್ಲ ಹೆಚ್ಚುಕಡಿಮೆ ಒಂದೇ.

ಲೆನ್ಸ್ ಮಾಡುವುದು ಆಕಾರದ ಹೋಲಿಕೆ ಮಾತ್ರ ಎಂಬುದು ನೆನಪಿರಲಿ. ಮರ ಯಾವುದು, ವಯಸ್ಸೆಷ್ಟು, ಮಾಡಿದವರು ಯಾರು ಎಂಬುದು ಅದಕ್ಕೆ ತಿಳಿಯದು. ಅದು ತೋರಿಸುವ ಮೊದಲ ಸಾಲಿನಲ್ಲಿ ಹೆಚ್ಚಾಗಿ ಇರುವವು ಮಾರಾಟದ ಪುಟಗಳು, ಅಲ್ಲಿ ಬರೆದ ಹೆಸರು ಮಾರುವವರು ಇಟ್ಟ ಹೆಸರು. ಹಾಗಾಗಿ ಒಂದು ಫಲಿತಾಂಶವನ್ನು ನಂಬದೆ ಹತ್ತು ಹದಿನೈದನ್ನು ತೆರೆದು, ಮತ್ತೆ ಮತ್ತೆ ಬರುವ ಪದ ಯಾವುದು ಎಂದು ನೋಡಿ. ನಮ್ಮ ಕುರ್ಚಿಯ ಮಟ್ಟಿಗೆ ಆ ಪದಗಳು ಎರಡು: `Chandigarh chair` ಮತ್ತು `Pierre Jeanneret`.

ಹೆಸರಿನ ಹಿಂದಿನ ಕಥೆ

ದೇಶ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಹೋದಾಗ ಭಾರತದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಚಂಡೀಗಢದ ಯೋಜನೆ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಕೈಗೆ ಬಂತು. ಅವರ ದಾಯಾದಿ, ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿ ಪಿಯರ್ ಜಾನೆರೆ 1951ರಲ್ಲಿ ಬಂದು 1965ರವರೆಗೆ ಅಲ್ಲಿಯೇ ಉಳಿದರು. ಹೊಸ ನಗರದ ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯಗಳಿಗೆ ಸಾವಿರಾರು ಕುರ್ಚಿ ಮೇಜುಗಳು ಬೇಕಿದ್ದವು. ಇಲ್ಲಿಯೇ ಸಿಗುವ ಮರ, ಇಲ್ಲಿಯ ಸೆಕೆಗೆ ಒಗ್ಗುವ ಬೆತ್ತ, ಇಲ್ಲಿಯ ಬಡಗಿಗಳ ಕೈಗೆಟುಕುವ ಜೋಡಣೆ ಇಟ್ಟುಕೊಂಡು ಅವರೂ ಅವರ ಜೊತೆಯ ಭಾರತೀಯ ವಾಸ್ತುಶಿಲ್ಪಿಗಳೂ ವಿನ್ಯಾಸ ಮಾಡಿದರು. ಅಂದರೆ ಇದು ಹುಟ್ಟಿನಿಂದ ಗುಮಾಸ್ತರ ಕುರ್ಚಿ.

ಹಳತಾದ ಮೇಲೆ ಅವು ಕಚೇರಿಗಳ ಮಹಡಿಯ ಮೇಲೆ ರಾಶಿ ಬಿದ್ದವು, ಗುಜರಿ ಬೆಲೆಗೆ ಹರಾಜಾದವು. ವಿದೇಶಿ ವ್ಯಾಪಾರಿಗಳು ಕೊಂಡು ದುರಸ್ತಿ ಮಾಡಿ ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಮಾರಿದರು, ಬೆಲೆ ಲಕ್ಷಗಳಿಗೆ ಏರಿತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಪರಂಪರೆಯ ಪೀಠೋಪಕರಣಗಳ ಮಾರಾಟ ಮತ್ತು ರಫ್ತನ್ನು ತಡೆಯಲು ಆದೇಶ ಹೊರಡಿಸಿತು. ನೂರು ವರ್ಷ ತುಂಬದ ವಸ್ತುವಾದ್ದರಿಂದ 1972ರ ಪುರಾತನ ವಸ್ತು ಕಾಯ್ದೆ ಇದಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಆಗಾಗ ವಿದೇಶದ ಹರಾಜುಗಳಲ್ಲಿ ಇವು ಕಾಣಿಸಿಕೊಳ್ಳುವುದು, ಇಲ್ಲಿ ಗದ್ದಲವಾಗುವುದು ನಡೆದೇ ಇದೆ.

ಅಗ್ಗದ ಕುರ್ಚಿ ಹುಡುಕುವವರಿಗೆ ಈ ಕಥೆ ಯಾಕೆ ಬೇಕು ಎಂದರೆ, ಲಕ್ಷ ರೂಪಾಯಿ ಬಿದ್ದಿರುವುದು ಕುರ್ಚಿಯ ಆಕಾರಕ್ಕಲ್ಲ, ಅದರ ಹಿನ್ನೆಲೆಗೆ. ಆಕಾರ ಯಾರ ಸ್ವತ್ತೂ ಅಲ್ಲ: ಭಾರತದಲ್ಲಿ ವಿನ್ಯಾಸ ನೋಂದಣಿಯ ರಕ್ಷಣೆ ಹೆಚ್ಚೆಂದರೆ 15 ವರ್ಷ. 1950ರ ದಶಕದ ಕುರ್ಚಿಯ ಹಾಗೆ ಕುರ್ಚಿ ಮಾಡುವುದಕ್ಕೆ ಅಡ್ಡಿಯಿಲ್ಲ, ಅದನ್ನು ‘ಅಸಲಿ’ ಎಂದು ಮಾರುವುದು ಮಾತ್ರ ಮೋಸ. ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಈ ಕುರ್ಚಿಗಳನ್ನು ತೇಗದಲ್ಲಿ, ಕೈ ಹೆಣಿಗೆಯ ಬೆತ್ತದಲ್ಲಿ ಮರುರೂಪಿಸಿ ಮಾರುತ್ತದೆ. ಅಲ್ಲಿ ಹತ್ತಾರು ಸಾವಿರ ಕೊಟ್ಟರೂ ಏನು ಸಿಗುತ್ತದೆ ಎಂಬುದು ಸ್ಪಷ್ಟವಾಗಿರುತ್ತದೆ. ಆದರೆ ಯಾರಾದರೂ ‘ಹಳೆಯ ಅಸಲಿ ಚಂಡೀಗಢ ಕುರ್ಚಿ’ ಎಂದು ಕಡಿಮೆ ಬೆಲೆಗೆ ಕೊಡಬಂದರೆ ಸರ್ಕಾರಿ ಹರಾಜಿನ ಕಾಗದ ಕೇಳಿ. ಬೆನ್ನ ಹಿಂದೆ ಬಿಳಿ ಬಣ್ಣದಲ್ಲಿ ಬರೆದ ಇಲಾಖೆಯ ಅಕ್ಷರ, ಸಂಖ್ಯೆ ತೋರಿಸಿದರೆ ಸಾಲದು. ಅಷ್ಟನ್ನು ಬರೆಯಲು ಒಂದು ಅಚ್ಚು, ಒಂದು ಡಬ್ಬ ಬಣ್ಣ ಇದ್ದರೆ ಯಾರಿಗಾದರೂ ಸಾಧ್ಯ.

ಕಾಲಿನಿಂದ ಓದಲು ಶುರುಮಾಡಿ

ಶೈಲಿ ಗುರುತಿಸುವಾಗ ಹೆಚ್ಚಿನವರು ಬಣ್ಣದಿಂದ ಶುರು ಮಾಡುತ್ತಾರೆ. ಬಣ್ಣ, ದಿಂಬಿನ ಬಟ್ಟೆ, ಪಾಲಿಶ್ ಮೂರೂ ಒಂದು ಮಧ್ಯಾಹ್ನದಲ್ಲಿ ಬದಲಾಗುವಂಥವು. ಬದಲಿಸಲಾಗದ್ದು ಕಾಲು ಮತ್ತು ಜೋಡಣೆ. ಅದನ್ನೇ ಮೊದಲು ನೋಡಬೇಕು.

ಚಂಡೀಗಢ ಶೈಲಿಯ ಕೈಕುರ್ಚಿಯಲ್ಲಿ ಪ್ರತಿ ಪಕ್ಕದ ಎರಡು ಕಾಲುಗಳು ಮೇಲೆ ಕೈಗಳ ಕೆಳಗೆ ಒಂದಕ್ಕೊಂದು ಹತ್ತಿರ ಬಂದು, ನೆಲದ ಕಡೆಗೆ ಅಗಲವಾಗುತ್ತವೆ. ತುದಿಗೆ ಬರುತ್ತ ಕಾಲು ಸಣ್ಣಗಾಗುತ್ತದೆ, ಆದರೆ ಮಧ್ಯದಲ್ಲಿ ಗಟ್ಟಿ ದಪ್ಪ ಇರುತ್ತದೆ. ಎರಡು ಕಾಲುಗಳ ನಡುವೆ ಒಂದು ಅಡ್ಡಪಟ್ಟಿ. ಆಸನ ಒಂದು ಚೌಕಟ್ಟು, ಬೆನ್ನು ಇನ್ನೊಂದು ಚೌಕಟ್ಟು. ಬಹಳ ಹೆಸರಾದ ಮಾದರಿಯಲ್ಲಿ ಈ ಎರಡರ ನಡುವೆ ಕೈ ತೂರುವಷ್ಟು ಸಂದು ಇದೆ, ಬೆನ್ನು ಕುರ್ಚಿಯ ಕೈಗಳ ಹಿಂದಿನ ತುದಿಗೆ ಸಿಕ್ಕಿಕೊಂಡು ತೇಲುವಂತೆ ಕಾಣುತ್ತದೆ. ಕೈಗಳು ಚಪ್ಪಟೆ, ಮುಂದಿನ ತುದಿ ದುಂಡಗೆ.

ಇದರ ಜೊತೆ ಗೊಂದಲ ಆಗುವಂಥವು ಕೆಲವಿವೆ. ಮರದ ಕೋಲನ್ನು ಬಿಸಿ ಹಬೆಯಲ್ಲಿ ಬಗ್ಗಿಸಿ ಮಾಡಿದ, ಎಲ್ಲಿಯೂ ಮೂಲೆಯೇ ಇಲ್ಲದ ಕುರ್ಚಿ ಯುರೋಪಿನ ಥೋನೆಟ್ ಪರಂಪರೆಯದು. ಬೆತ್ತದ ಆಸನ ಇದ್ದರೂ ಅದರ ಗೆರೆಗಳೆಲ್ಲ ದುಂಡು. ಬೆನ್ನಿನಲ್ಲಿ ‘ವೈ’ ಆಕಾರದ ಮರದ ತುಂಡು, ಆಸನಕ್ಕೆ ಹುರಿ ಸುತ್ತಿದ್ದರೆ ಅದು ಡೆನ್ಮಾರ್ಕಿನ ಹಾನ್ಸ್ ವೆಗ್ನರ್ ಮಾದರಿಯದು, ಅಲ್ಲಿ ಬೆತ್ತವೇ ಇಲ್ಲ. ಕೈಗಳು ಮೊಣಕಾಲಿಗಿಂತ ಮುಂದೆ ಚಾಚಿಕೊಂಡು ಕಾಲಿಡಲು ಜಾಗ ಕೊಟ್ಟಿದ್ದರೆ ಅದು ನಮ್ಮ ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳ ಪ್ಲಾಂಟರ್ಸ್ ಕುರ್ಚಿ. ಮಾರುವವರು ಇವಕ್ಕೆಲ್ಲ ಒಟ್ಟಿಗೆ `mid century` ಎಂದು ಹೆಸರಿಟ್ಟಿರುತ್ತಾರೆ. ಆ ಹೆಸರು ಹಿಡಿದು ಹುಡುಕಿದರೆ ಸಂಜೆಯೆಲ್ಲ ಕಳೆದರೂ ಬೇಕಾದ ಕುರ್ಚಿ ಸಿಗುವುದಿಲ್ಲ.

ಇನ್ನು ಬೆತ್ತ. ಫೋಟೊವನ್ನು ಆದಷ್ಟು ಹಿಗ್ಗಿಸಿ ಆಸನದ ಅಂಚನ್ನೇ ನೋಡಿ. ಚೌಕಟ್ಟಿನುದ್ದಕ್ಕೂ ಬೆರಳಗಲಕ್ಕಿಂತ ಕಡಿಮೆ ಅಂತರದಲ್ಲಿ ಸಾಲು ರಂಧ್ರಗಳಿದ್ದು ಬೆತ್ತದ ಎಳೆ ಅದರೊಳಗೆ ಹೊಕ್ಕು ಹೊರಬಂದಿದ್ದರೆ ಅದು ಕೈ ಹೆಣಿಗೆ. ರಂಧ್ರಗಳ ಬದಲು ಉದ್ದಕ್ಕೂ ಒಂದು ಕಾಲುವೆ, ಅದರಲ್ಲಿ ದಪ್ಪ ಬೆತ್ತದ ದಾರ ಒತ್ತಿ ಕೂರಿಸಿದಂತೆ ಕಂಡರೆ ಅದು ಮಗ್ಗದಲ್ಲಿ ನೇಯ್ದ ಸಿದ್ಧ ಹಾಳೆ. ಎರಡೂ ನಿಜವಾದ ಬೆತ್ತವೇ ಇರಬಹುದು. ಆದರೆ ಕೈ ಹೆಣಿಗೆಯ ಆಸನ ಮಾಡಲು ಹಿಡಿಯುವ ಹೊತ್ತೇ ಬೇರೆ, ಹಾಳೆ ಕೂರಿಸಲು ಹಿಡಿಯುವ ಹೊತ್ತೇ ಬೇರೆ. ಬೆಲೆಯ ವ್ಯತ್ಯಾಸದ ದೊಡ್ಡ ಪಾಲು ಇಲ್ಲಿಯೇ ಇದೆ. ಪ್ಲಾಸ್ಟಿಕ್ ಬೆತ್ತದಲ್ಲಿ ಎಳೆ ಎಳೆಗೂ ಒಂದೇ ಬಣ್ಣ, ಒಂದೇ ಮಿರುಗು. ನಿಜವಾದ ಬೆತ್ತದಲ್ಲಿ ಅಲ್ಲಲ್ಲಿ ಗೆಣ್ಣಿನ ಗುರುತು, ಎಳೆಗಳ ನಡುವೆ ಬಣ್ಣದ ಏರಿಳಿತ ಇರುತ್ತದೆ.

ನೆಲದ ಟೈಲ್ ಎಣಿಸಿ ಅಳತೆ ತೆಗೆಯಿರಿ

ಅಗ್ಗದ ನಕಲುಗಳಲ್ಲಿ ಹೆಚ್ಚು ಕಾಣುವ ದೋಷ ಅಳತೆಯದು. ಮರ ಉಳಿಸಲು ಅಗಲ ಕಡಿಮೆ ಮಾಡುತ್ತಾರೆ, ಕಾಲು ಸಪೂರ ಮಾಡುತ್ತಾರೆ. ಫೋಟೊದಲ್ಲಿ ಅದೇ ಕುರ್ಚಿ, ಮನೆಗೆ ಬಂದಾಗ ಮಕ್ಕಳ ಕುರ್ಚಿ. ಹಾಗಾಗಿ ಮೆಚ್ಚಿದ ಫೋಟೊದಿಂದಲೇ ಅಂದಾಜು ಅಳತೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹೋಂ ಸ್ಟೇ ಒಂದರ ಜಗಲಿಯ ಫೋಟೊ ನಿಮ್ಮಲ್ಲಿದೆ, ನೆಲಕ್ಕೆ ಎರಡಡಿ ಚೌಕದ ವಿಟ್ರಿಫೈಡ್ ಟೈಲ್ ಇದೆ ಎಂದಿಟ್ಟುಕೊಳ್ಳೋಣ. ಕುರ್ಚಿಯ ಮುಂದಿನ ಎರಡು ಪಾದಗಳು ನಿಂತ ಸಾಲಿನ ಟೈಲನ್ನೇ ನೋಡಿ. ಹಿಂದಿನ ಸಾಲಿನದನ್ನು ನೋಡಿದರೆ ದೂರದ ವಸ್ತು ಚಿಕ್ಕದಾಗಿ ಕಾಣುವುದರಿಂದ ಲೆಕ್ಕ ತಪ್ಪುತ್ತದೆ. ಪಾದಗಳ ನಡುವಿನ ದೂರ ಒಂದು ಟೈಲಿನ ಆರರಲ್ಲಿ ಐದು ಭಾಗ ಇದ್ದರೆ 24 ಇಂಚಿನಲ್ಲಿ 20 ಇಂಚು. ಚಂಡೀಗಢದ ಕಚೇರಿ ಕುರ್ಚಿಯ ಅಗಲ ಸುಮಾರು ಇಷ್ಟೇ, ಒಟ್ಟು ಎತ್ತರ ಸುಮಾರು 31 ಇಂಚು. ಆಸನದ ಎತ್ತರ 17 ಇಂಚಿನ ಆಸುಪಾಸಿನಲ್ಲಿದ್ದರೆ ಸಾಮಾನ್ಯ ಊಟದ ಮೇಜಿಗೆ ಸರಿಹೋಗುತ್ತದೆ. 14–15 ಇಂಚು ಇದ್ದರೆ ಅದು ಒರಗಿ ಕೂರುವ ಕುರ್ಚಿ, ಮೇಜಿನ ಮುಂದೆ ಇಟ್ಟರೆ ಗಲ್ಲ ತಟ್ಟೆಗೆ ತಾಗೀತು. ಟೈಲ್ ಇಲ್ಲದ ಫೋಟೊದಲ್ಲಿ ಏಳಡಿಯ ಬಾಗಿಲನ್ನು ಅಳತೆಗೋಲು ಮಾಡಿಕೊಳ್ಳಬಹುದು, ಆದರೆ ಕುರ್ಚಿ ಬಾಗಿಲ ಪಕ್ಕದಲ್ಲೇ ಇರಬೇಕು.

ದೊಡ್ಡ ಹೆಸರನ್ನು ಬಿಟ್ಟು ಹುಡುಕಿ

ಕುರ್ಚಿಯನ್ನು ತಿಳಿಯಲು ವಿನ್ಯಾಸಕಾರನ ಹೆಸರು ಬೇಕು, ಕೊಳ್ಳಲು ಬೇಡ. ಆ ಹೆಸರು ಗೊತ್ತಿರುವ ಮಾರಾಟಗಾರ ಬೆಲೆಯನ್ನೂ ಅದಕ್ಕೆ ತಕ್ಕ ಹಾಗೆ ಇಟ್ಟಿರುತ್ತಾನೆ. ಹೊಸ ಕುರ್ಚಿ ಮಾರುವ ತಾಣಗಳಲ್ಲಿ ನೀವು ಈಗಾಗಲೇ ಓದಿಟ್ಟುಕೊಂಡ ಲಕ್ಷಣಗಳನ್ನೇ ಪದ ಮಾಡಿ ಹಾಕಿ:

```
cane armchair V leg solid wood
rattan dining chair with arms teak
```

ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಂಥ ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಇದೂ ಹೆಚ್ಚಾಯಿತು. ಮನೆ ಖಾಲಿ ಮಾಡುತ್ತಿರುವವರಿಗೆ ತಮ್ಮ ಕುರ್ಚಿಯ ಶೈಲಿ ಗೊತ್ತಿರುವುದಿಲ್ಲ. ಅವರು ಬರೆಯುವುದು ಹೀಗೆ:

```
old wooden chair
teak wood chair netted
kane chair
ratan chair 2 nos
```

ಕಾಗುಣಿತ ತಪ್ಪಿದ ಜಾಹೀರಾತುಗಳು ಕಡಿಮೆ ಜನರ ಕಣ್ಣಿಗೆ ಬೀಳುತ್ತವೆ, ಹಾಗಾಗಿ ವಾರಗಟ್ಟಲೆ ಉಳಿದಿರುತ್ತವೆ, ಚೌಕಾಸಿಗೂ ಜಾಗ ಇರುತ್ತದೆ. ನಾನಂತೂ ಬೇಕೆಂದೇ ತಪ್ಪು ಬರೆದು ಹುಡುಕುತ್ತೇನೆ.

ಸಿಕ್ಕ ಜಾಹೀರಾತಿನಲ್ಲಿ ಓದಬೇಕಾದ ಸಾಲು ಒಂದೇ, ಮರದ ಬಗೆಗಿನದು. `teak finish` ಎಂದರೆ ತೇಗದ ಬಣ್ಣ, ತೇಗದ ಮರವಲ್ಲ. `solid wood` ಎಂದಷ್ಟೇ ಇದ್ದರೆ ರಬ್ಬರ್ ಮರ, ಮಾವು, ಅಕೇಶಿಯಾ ಯಾವುದೂ ಆಗಬಹುದು. ಇವು ಕೆಟ್ಟ ಮರಗಳಲ್ಲ, ಒಳಗೆ ನೆರಳಿನಲ್ಲಿ ಇಡುವುದಾದರೆ ರಬ್ಬರ್ ಮರದ ಕುರ್ಚಿಯೂ ಬಹುಕಾಲ ಬಾಳುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದ ಜಗಲಿಗೆ ಮಾತ್ರ ಅದು ಬೇಡ. ತೇಗದ ಬೆಲೆ ಕೊಟ್ಟು ರಬ್ಬರ್ ಮರ ತರುವುದೇ ನಷ್ಟ. ಆಮೇಲೆ ಆ ಜಾಹೀರಾತಿನ ಫೋಟೊವನ್ನೇ ಮತ್ತೆ ಲೆನ್ಸ್‌ಗೆ ಹಾಕಿ. ಅದೇ ಚಿತ್ರ ಬೇರೆ ನಾಲ್ಕು ಅಂಗಡಿಗಳಲ್ಲಿ ನಾಲ್ಕು ಬೆಲೆಗೆ ಕಂಡರೆ ಫೋಟೊ ಮಾರುವವರದ್ದಲ್ಲ, ಬರುವ ಕುರ್ಚಿಯೂ ಅದಲ್ಲದೆ ಇರಬಹುದು.

ಇಷ್ಟಾದ ಮೇಲೂ ಆಸೆ ಉಳಿದಿದ್ದರೆ ಮೂರು ಫೋಟೊ ಕೇಳಿ: ಕುರ್ಚಿಯನ್ನು ಮಗುಚಿ ಆಸನದ ಅಡಿಭಾಗ, ಬೆನ್ನು ಕೈಗೆ ಸೇರುವ ಮೂಲೆ, ಬೆತ್ತದ ಅಂಚು. ಅಡಿಭಾಗದಲ್ಲಿ ಪಾಲಿಶ್ ಇಲ್ಲದ ಕಡೆ ಮರದ ನಿಜವಾದ ಬಣ್ಣ ಕಾಣುತ್ತದೆ. ಈ ಮೂರು ಫೋಟೊ ಕೊಡಲು ಹಿಂಜರಿಯುವವರ ಹತ್ತಿರ ಮಾತು ಮುಂದುವರಿಸುವ ಅಗತ್ಯವಿಲ್ಲ.

ಬಡಗಿಯ ಹತ್ತಿರ ಮಾಡಿಸುವುದಾದರೆ

ಫೋಟೊ ತೋರಿಸಿ ‘ಇದರ ಹಾಗೇ ಮಾಡಿ’ ಎನ್ನುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಹಣ ಎಲ್ಲಿ ಹೋಗುತ್ತದೆ ಎಂದು ಮೊದಲೇ ತಿಳಿದಿದ್ದರೆ ಎಲ್ಲಿ ಉಳಿಸಬಹುದು ಎಂಬುದೂ ತಿಳಿಯುತ್ತದೆ.

ಮರ ಮಾರುವುದು ಘನ ಅಡಿ ಲೆಕ್ಕದಲ್ಲಿ. ಇಂಥ ಒಂದು ಕುರ್ಚಿಗೆ ಕತ್ತರಿಸಿ ಹೋಗುವ ಚೂರೂ ಸೇರಿ ಸುಮಾರು ಮುಕ್ಕಾಲು ಘನ ಅಡಿ ಮರ ಸಾಕು. ನಿಮ್ಮ ಊರಿನ ಮರದ ಡಿಪೊದಲ್ಲಿ ತೇಗ ಘನ ಅಡಿಗೆ 4,000 ರೂಪಾಯಿ ಎಂದುಕೊಂಡರೆ ಮರಕ್ಕೆ 3,000. ಅರ್ಧ ಬೆಲೆಯ ಮರಕ್ಕೆ ಇಳಿದರೆ ಉಳಿಯುವುದು 1,500 ಮಾತ್ರ. ಬಡಗಿಗೆ ಮೊದಲ ಕುರ್ಚಿಗೆ ಎರಡು ಮೂರು ದಿನ ಬೇಕು, ಬೆತ್ತದವರ ಕೂಲಿ, ಪಾಲಿಶ್‌ನವರ ಕೂಲಿ ಬೇರೆ. ಅಂದರೆ ಮರದಲ್ಲಿ ಜಿಪುಣತನ ಮಾಡಿ ಹೆಚ್ಚೇನೂ ದಕ್ಕುವುದಿಲ್ಲ. ಕೈ ಹೆಣಿಗೆಯ ಬದಲು ಸಿದ್ಧ ಹಾಳೆಗೆ ಒಪ್ಪಿಕೊಂಡರೆ, ಒಂದರ ಬದಲು ನಾಲ್ಕು ಒಟ್ಟಿಗೆ ಮಾಡಿಸಿದರೆ ನಿಜವಾಗಿ ಉಳಿಯುತ್ತದೆ. ಹಾಗೆಂದು ಹಸಿ ಮರಕ್ಕೆ ಮಾತ್ರ ಒಪ್ಪಬೇಡಿ. ಒಣಗುತ್ತ ಮರ ಕುಗ್ಗಿ ಕಚ್ಚುಗಳು ಸಡಿಲಾಗುತ್ತವೆ, ಆರೇ ತಿಂಗಳಲ್ಲಿ ಕುರ್ಚಿ ಕಿರುಗುಟ್ಟುತ್ತದೆ. ಹಲಸಿನ ಮರ ಸುಲಭವಾಗಿ ಸಿಗುವ ಕಡೆ ಅದನ್ನೊಮ್ಮೆ ವಿಚಾರಿಸಿ. ಹೊಸದರಲ್ಲಿ ಹಳದಿಯಾಗಿದ್ದರೂ ದಿನ ಕಳೆದಂತೆ ಚೆಂದದ ಕಂದು ಬಣ್ಣಕ್ಕೆ ತಿರುಗುತ್ತದೆ.

ನಾಲ್ಕಕ್ಕೆ ಮಾತಾಡಿದರೂ ಮೊದಲು ಒಂದನ್ನು ಮಾಡಿಸಿ. ಅದಕ್ಕೂ ಮೊದಲು ಪಕ್ಕದ ಕಾಲಿನ ಜೋಡಿಯನ್ನು ಪೂರ್ಣ ಅಳತೆಯಲ್ಲಿ ಪ್ಲೈವುಡ್ ಚೂರಿನಲ್ಲಿ ಕತ್ತರಿಸಿ ಗೋಡೆಗೆ ಒರಗಿಸಿ ನೋಡಲು ಹೇಳಿ. ‘ವಿ’ಯ ಕೋನ ಸ್ವಲ್ಪ ಹೆಚ್ಚಾದರೂ ಕುರ್ಚಿ ಕಾಲಗಲಿಸಿ ನಿಂತಂತೆ ಕಾಣುತ್ತದೆ, ಕಡಿಮೆಯಾದರೆ ಹಿಂದಕ್ಕೆ ವಾಲಿ ಕೂತಾಗ ಮಗುಚುವ ಭಯ. ಫೋಟೊದಿಂದ ಈ ಕೋನ ತಿಳಿಯುವುದು ನೇರ ಪಕ್ಕದ ನೋಟ ಇದ್ದರೆ ಮಾತ್ರ.

ಸಿದ್ಧವಾದ ಕುರ್ಚಿಯಲ್ಲಿ ನೋಡಬೇಕಾದ ಜಾಗ ಬೆನ್ನು ಮತ್ತು ಕೈ ಸೇರುವ ಮೂಲೆ. ಬೆನ್ನು ತೇಲುವ ಮಾದರಿಯಲ್ಲಿ ನೀವು ಒರಗಿದ ಭಾರವೆಲ್ಲ ಬೀಳುವುದು ಅಲ್ಲಿಗೆ. ಒಂದು ತುಂಡಿನ ನಾಲಿಗೆ ಇನ್ನೊಂದರ ಕುಳಿಯೊಳಗೆ ಕೂರುವ ಕಚ್ಚು ಇರಬೇಕು. ಅದರ ಬದಲು ದುಂಡನೆಯ ಮರದ ಬಿರಡೆ ಮುಚ್ಚಿದ ರಂಧ್ರ ಕಂಡರೆ ಅದರಡಿ ಬರಿಯ ಸ್ಕ್ರೂ ಇದೆಯೇ ಎಂದು ಕೇಳಿ. ಕೂತು, ಒರಗಿ, ಪಕ್ಕಕ್ಕೆ ಜೋತು ನೋಡಿ. ಎದುರು ಮೂಲೆಗಳನ್ನು ಹಿಡಿದು ತಿರುಚಿದಾಗ ಸದ್ದು ಬಂದರೆ ಹಣ ಕೊಡುವ ಮೊದಲೇ ಹೇಳಿ.

ಕೊನೆಯ ದಾರಿ, ನನ್ನ ಮೆಚ್ಚಿನದು

ಚಂಡೀಗಢದ ಕುರ್ಚಿಯೇ ಬೇಕೆಂಬ ಹಟ ಇಲ್ಲದವರಿಗೆ ನಮ್ಮಲ್ಲೇ ಅದರ ಬಡ ಸಂಬಂಧಿ ಇದೆ. ಹಳೆಯ ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿಗಳಲ್ಲಿದ್ದ ಬೆತ್ತದ ಆಸನದ ಮರದ ಕೈಕುರ್ಚಿ. ಕಾಲು ‘ವಿ’ ಆಗಿರುವುದಿಲ್ಲ, ನೇರ ಇರುತ್ತದೆ. ಉಳಿದಂತೆ ಅದೇ ಕಂದು ಮರ, ಅದೇ ಹೆಣಿಗೆ, ಅದೇ ಚಪ್ಪಟೆ ಕೈ. ಹಳೆ ಸಾಮಾನಿನ ಅಂಗಡಿಗಳಲ್ಲಿ ಬೆತ್ತ ಹರಿದು, ಪಾಲಿಶ್ ಕಪ್ಪಾಗಿ ಮೂಲೆಯಲ್ಲಿ ಬಿದ್ದಿರುತ್ತದೆ. ಅಂಗಡಿಯವರಿಗೆ ಅದು ಜಾಗ ತಿನ್ನುವ ಸರಕು. ಮರ ಗಟ್ಟಿ ಇದೆಯೇ, ಕಾಲಿನ ಬುಡದಲ್ಲಿ ಗೆದ್ದಲು ಅಥವಾ ಹಿಟ್ಟಿನಂಥ ಪುಡಿ ಇದೆಯೇ ಎಂದಷ್ಟೇ ನೋಡಿ. ಹರಿದ ಬೆತ್ತ ನೋಡಿ ಹೆದರಬೇಡಿ, ಚೌಕಾಸಿಗೆ ಅದೇ ಅನುಕೂಲ.

ಹೊಸ ಬೆತ್ತ ಹೆಣೆಯುವವರು ಈಗಲೂ ಸಿಗುತ್ತಾರೆ. ದೃಷ್ಟಿಹೀನರ ತರಬೇತಿ ಸಂಸ್ಥೆಗಳಲ್ಲಿ ಕುರ್ಚಿಗೆ ಬೆತ್ತ ಹೆಣೆಯುವುದನ್ನು ಕಲಿಸುವ ಪದ್ಧತಿ ದೇಶದಲ್ಲಿ ಹಳೆಯದು, ನಿಮ್ಮ ಜಿಲ್ಲೆಯಲ್ಲಿ ಅಂಥ ಸಂಸ್ಥೆ ಇದ್ದರೆ ಮೊದಲು ಅಲ್ಲಿ ಕೇಳಿ. ಕುರ್ಚಿಯಲ್ಲಿ ರಂಧ್ರಗಳಿದ್ದರೆ ಕೈ ಹೆಣಿಗೆಯೇ ಆಗಬೇಕು, ಕಾಲುವೆ ಇದ್ದರೆ ಹಾಳೆ ನಡೆಯುತ್ತದೆ. ಕೂಲಿ ಮಾತಾಡುವ ಮೊದಲು ಅದನ್ನು ತಿಳಿಸಿ, ಆಸನದ ಫೋಟೊ ಕಳುಹಿಸಿ.

ಬೆತ್ತ ಹರಿಯದೆ ಬರಿಯ ಜೋತುಬಿದ್ದಿದ್ದರೆ ಖರ್ಚೇ ಇಲ್ಲ. ಕುರ್ಚಿಯನ್ನು ಮಗುಚಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಆಸನದ ಅಡಿಯಿಂದ ಹಚ್ಚಿ ಅರ್ಧ ಗಂಟೆ ಬಿಡಿ. ಮೇಲ್ಮೈಯ ನುಣುಪು ಸಿಪ್ಪೆ ನೀರು ಹೀರುವುದಿಲ್ಲ, ಹೀರುವುದು ಅಡಿಯ ಒರಟು ಭಾಗ. ಆಮೇಲೆ ನೆರಳಿನಲ್ಲಿ ಪೂರ್ತಿ ಒಣಗಲು ಬಿಡಿ, ಯಾರನ್ನೂ ಕೂರಲು ಬಿಡಬೇಡಿ. ಒಣಗುತ್ತ ಎಳೆಗಳು ಕುಗ್ಗಿ ಆಸನ ಬಿಗಿಯಾಗುತ್ತದೆ. ಅಡಿಗೂ ವಾರ್ನಿಷ್ ಬಳಿದಿದ್ದರೆ ಅಥವಾ ಬೆತ್ತ ಪ್ಲಾಸ್ಟಿಕ್ಕಿನದಾಗಿದ್ದರೆ ಈ ಉಪಾಯ ನಡೆಯುವುದಿಲ್ಲ.